ಕೆಂಪಡರಿದ ಹಳೆಯ ಕಲರ್ ಫೋಟೊ: ಸ್ಕ್ಯಾನ್ ಆದಮೇಲೆ ಬಣ್ಣ ತಿದ್ದಲು ಯಾವ ದಾರಿ ಹಿಡಿಯಬೇಕು?

ನಮ್ಮ ಕಾಕಾನ ಮದುವೆ ಆದದ್ದು 1981ರಲ್ಲಿ, ಗಂಗಾವತಿಯಲ್ಲಿ. ಆಗಿನ್ನೂ ಅದು ರಾಯಚೂರು ಜಿಲ್ಲೆ. ಮನೆತನದಲ್ಲಿ ಮೊದಲ ಸಲ ಕಲರ್ ಫೋಟೊ ತೆಗೆಸಿದ್ದು ಆ ಮದುವೆಗೇ. ಆಲ್ಬಮ್ಮನ್ನು ಚಿಗವ್ವ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು, ಟ್ರಂಕು ತಗಡಿನ ಕೆಳಗಿನ ಅಟ್ಟ ಸೇರಿತು. ನಲವತ್ತು ವರ್ಷದ ಮೇಲೆ ತೆಗೆದು ನೋಡಿದರೆ ಅಷ್ಟೂ ಫೋಟೊಗಳು ಕೆಂಪಗಾಗಿದ್ದವು. ಕೆಲವು ಗುಲಾಬಿ ಕಡೆಗೆ, ಹೆಚ್ಚಿನವು ಕಿತ್ತಳೆಯ ಕಡೆಗೆ. ಮದುಮಗನ ಕೂದಲು ಕಂದು, ಚಪ್ಪರದ ತೆಂಗಿನಗರಿ ಕಂದು, ಚಿಗವ್ವನ ಸೀರೆಯೂ ಕಂದು.

ಒಂದು ಬೇಸಿಗೆ ಪೂರ್ತಿ ಆ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ತಿದ್ದುತ್ತ ಕೂತೆ. ಈ ಕೆಂಪನ್ನು ತೆಗೆಯಲು ನಾಲ್ಕೈದು ದಾರಿಗಳಿವೆ. ಯಾವುದು ಎಲ್ಲಿ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಆ ಮದುವೆಯ ಒಂದೇ ಫೋಟೊ ಇಟ್ಟುಕೊಂಡು ಹೇಳುತ್ತೇನೆ. ಫೋಟೊದಲ್ಲಿ ಇರುವುದಿಷ್ಟು: ಮನೆಯ ಮುಂದಿನ ಸಿಮೆಂಟ್ ಕಟ್ಟೆ, ಅದರ ಮೇಲೆ ಕೂತ ಮದುಮಕ್ಕಳು, ಹಿಂದೆ ಸುಣ್ಣ ಬಳಿದ ಗೋಡೆ, ಸುತ್ತಲೂ ಕಾಗದದ ಬಿಳಿ ಅಂಚು. ಅಳತೆ ಮೂರೂವರೆ ಇಂಚು ಅಗಲ, ಐದು ಇಂಚು ಉದ್ದ.

ಕೆಂಪು ಎಲ್ಲಿಂದ ಬಂತು

ಇದು ತಿಳಿಯದೆ ದಾರಿ ಆರಿಸಲಾಗದು, ಹಾಗಾಗಿ ಮೊದಲು ಇದನ್ನೇ ಹೇಳುತ್ತೇನೆ. ಕಲರ್ ಫೋಟೊದ ಕಾಗದದಲ್ಲಿ ಮೂರು ಪದರ ಬಣ್ಣ ಇರುತ್ತದೆ: ಸಯಾನ್, ಮೆಜೆಂಟಾ, ಹಳದಿ. ಸಯಾನ್ ಎಂದರೆ ಹಸಿರು ಬೆರೆತ ನೀಲಿ. ಬೆಳಕಿನಲ್ಲಿರುವ ಕೆಂಪನ್ನು ನುಂಗುವುದು ಅದರ ಕೆಲಸ. ಎಪ್ಪತ್ತರ ದಶಕದ, ಎಂಬತ್ತರ ದಶಕದ ಮೊದಲ ವರ್ಷಗಳ ಎಷ್ಟೋ ಕಾಗದಗಳಲ್ಲಿ ಕತ್ತಲಲ್ಲಿಟ್ಟರೂ ಮೊದಲು ಸಾಯುತ್ತಿದ್ದದ್ದು ಈ ಸಯಾನ್. ಬಿಸಿಲು ಬಡಿಯದಿದ್ದರೂ ಸೆಕೆ ಸಾಕು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ತಗಡಿನ ಕೆಳಗಿನ ಅಟ್ಟದಲ್ಲಿ ಅದಕ್ಕಿಂತಲೂ ಹೆಚ್ಚು. ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟದ್ದೇ ಕೆಂಪಾಯಿತಲ್ಲ ಎಂದು ಚಿಗವ್ವ ಮರುಗುತ್ತಾಳೆ. ತಪ್ಪು ಅವಳದಲ್ಲ, ಕಾಗದದ ಗುಣವೇ ಹಾಗಿತ್ತು.

ಅಂದರೆ ಫೋಟೊಕ್ಕೆ ಕೆಂಪು ಬಂದು ಸೇರಿದ್ದಲ್ಲ, ಕೆಂಪನ್ನು ತಡೆಯುತ್ತಿದ್ದದ್ದು ಹೋಗಿದೆ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಬಿಳಿ ಅಂಚಿನಲ್ಲಿ ಬಣ್ಣವೇ ಇರಲಿಲ್ಲ, ಹಾಗಾಗಿ ಅಲ್ಲಿ ಕಳೆದುಕೊಳ್ಳುವುದಕ್ಕೂ ಏನಿರಲಿಲ್ಲ. ಕಪ್ಪು ಕೂದಲಲ್ಲಿ ಸಯಾನ್ ದಟ್ಟವಾಗಿತ್ತು, ಹಾಗಾಗಿ ಅಲ್ಲೇ ಹೆಚ್ಚು ಹೋಯಿತು. ಕತ್ತಲು ಹೆಚ್ಚಿದಂತೆ ಕೆಂಪೂ ಹೆಚ್ಚುತ್ತದೆ. ಇಡೀ ಚಿತ್ರದ ಮೇಲೆ ಕೆಂಪು ಗಾಜು ಹಿಡಿದಂತೆ ಒಂದೇ ಸಮ ಇರುವುದಿಲ್ಲ.

ಕಿತ್ತಳೆಯದು ಇನ್ನೊಂದು ಕಥೆ. ಕಾಗದದ ತಳವೇ ಹಳದಿಯಾಗುತ್ತ ಬರುತ್ತದೆ. ಈ ಹಳದಿ ಬಿಳಿಯಲ್ಲಿ ಎದ್ದು ಕಾಣುತ್ತದೆ, ಕಪ್ಪಿನಲ್ಲಿ ಕಾಣುವುದೇ ಇಲ್ಲ. ಸಯಾನ್ ಹೋಗಿ ತಳ ಹಳದಿಯಾದರೆ ಫೋಟೊ ಕಿತ್ತಳೆಗೆ ತಿರುಗುತ್ತದೆ. ಸಯಾನ್ ಜೊತೆಗೆ ಹಳದಿ ಬಣ್ಣದ ಪದರವೂ ತೆಳುವಾಗಿ, ತಳ ಅಷ್ಟಾಗಿ ಕೆಡದಿದ್ದರೆ ಗುಲಾಬಿಗೆ ತಿರುಗುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಗುರುತು ಹಿಡಿಯಲು ಎರಡೇ ಜಾಗ ನೋಡಿ. ಅಂಚು ಹಳದಿಯಾಗಿದೆಯೇ, ಕೂದಲು ಕೆಂಪಾಗಿದೆಯೇ?

ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಫೋಟೊ ಬೇರೆ ಬಗೆ. ಅದು ಬೆಳಕಿಗೆ ಸೋತದ್ದು. ಅಲ್ಲಿ ತಿಳಿಬಣ್ಣದ ಜಾಗಗಳೇ ಮೊದಲು ಅಳಿದಿರುತ್ತವೆ, ಅದಕ್ಕೆ ಈ ಲೆಕ್ಕ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಟ್ರಂಕು, ಕಪಾಟುಗಳಲ್ಲಿ ಕೆಂಪಾದ ಫೋಟೊಗಳ ಮಾತು.

ಸ್ಕ್ಯಾನ್ ಹೇಗಿರಬೇಕು

ಇಲ್ಲಿ ತಪ್ಪಿದರೆ ಮುಂದಿನ ಯಾವ ದಾರಿಯೂ ಸರಿಯಾಗಿ ನಡೆಯುವುದಿಲ್ಲ. 600 ಡಿಪಿಐ ಸಾಕು, ಕಾಗದದ ಫೋಟೊದಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬಣ್ಣವನ್ನು `48-bit` ಇಟ್ಟು, ಟಿಫ್ ಫೈಲಾಗಿ ಉಳಿಸಿಕೊಳ್ಳಿ. ಸ್ಕ್ಯಾನಾದ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ ಇರುತ್ತವೆ, ಒಂದೊಂದು ಬಣ್ಣದ್ದು ಒಂದೊಂದು ಚಾನೆಲ್. 0 ಎಂದರೆ ಪೂರ್ತಿ ಕತ್ತಲು, 255 ಎಂದರೆ ಪೂರ್ತಿ ಬೆಳಕು. ನಮ್ಮ ಫೋಟೊದಲ್ಲಿ ಕೆಂಪು ಚಾನೆಲ್ 92ರಿಂದ 238ರ ನಡುವೆ ಇರುಕಿಕೊಂಡಿತ್ತು. ಸಾಮಾನ್ಯ ಜೆಪೆಗ್‌ನಲ್ಲಿ ಅಷ್ಟರೊಳಗೆ 147 ಮೆಟ್ಟಿಲು ಮಾತ್ರ. ಅದನ್ನು ಹಿಗ್ಗಿಸಿದರೆ ಕೆನ್ನೆಯ ಮೇಲೆ, ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಣ್ಣ ಒಡೆಯುತ್ತದೆ. 48 ಬಿಟ್ ಫೈಲು ದೊಡ್ಡದು, ಈ ಒಂದೇ ಫೋಟೊ 38 ಎಂಬಿ ಆಯಿತು. ಆದರೂ ಅದೇ ಇರಲಿ.

ಸ್ಕ್ಯಾನರಿನ ಎಲ್ಲ ಆಟೊ ತಿದ್ದುಪಡಿಗಳನ್ನೂ ಬಂದ್ ಮಾಡಿ. ಎಪ್ಸನ್ ಸ್ಕ್ಯಾನರಿನಲ್ಲಿ `No Color Correction` ಎಂಬ ಆಯ್ಕೆ ಇದೆ. ಫೋಟೊದ ಬಿಳಿ ಅಂಚನ್ನು ಕತ್ತರಿಸಬೇಡಿ, ನಮಗೆ ಅದೇ ಅಳತೆಗೋಲು. ಸ್ಕ್ಯಾನರ್ ಮುಚ್ಚಳದ ಬಿಳಿ ಮಾತ್ರ ಒಳಗೆ ಬರಕೂಡದು. ಅದು ಯಾಕೆಂದು ಮುಂದೆ ಬರುತ್ತದೆ.

ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆಯುವುದನ್ನು ನಾನು ಬಿಟ್ಟೆ. ಮೊಬೈಲು ಪ್ರತಿ ಸಲ ತನ್ನ ಲೆಕ್ಕದಲ್ಲಿ ಬಣ್ಣ ತಿದ್ದುತ್ತದೆ. ಒಂದು ಚಿತ್ರಕ್ಕೆ ಕಂಡುಕೊಂಡ ಅಳತೆ ಪಕ್ಕದ ಚಿತ್ರಕ್ಕೆ ಕೂಡುವುದಿಲ್ಲ.

ಟೆಂಪರೇಚರ್ ಗುಂಡಿ: ಬೇಡ

ಎಲ್ಲರ ಕೈಯೂ ಮೊದಲು ಹೋಗುವುದು ಇಲ್ಲಿಗೇ. ಮೊಬೈಲಿನ ಫೋಟೊ ಎಡಿಟರಿನಲ್ಲೂ ಇದೆ, ಕಂಪ್ಯೂಟರಿನಲ್ಲೂ ಇದೆ. ಕೆಂಪು ಕಂಡಿತು, ನೀಲಿ ಕಡೆಗೆ ಎಳೆದರಾಯಿತು ಎನಿಸುತ್ತದೆ. ಆದರೆ ಈ ಗುಂಡಿ ಮಾಡುವುದು ಒಂದೊಂದು ಚಾನೆಲ್ಲನ್ನೂ ಒಂದೊಂದು ಸಂಖ್ಯೆಯಿಂದ ಗುಣಿಸುವ ಕೆಲಸ. ಬೆಳಕಿನಿಂದ ಕತ್ತಲವರೆಗೆ ಎಲ್ಲಕ್ಕೂ ಒಂದೇ ಪಾಲು.

ನಮ್ಮ ಫೋಟೊದಲ್ಲಿ ಸ್ಕ್ಯಾನಾದ ಹಾಗೇ ಅಳೆದಾಗ ಸಿಮೆಂಟ್ ಕಟ್ಟೆ ಕೆಂಪು 186, ಹಸಿರು 142, ನೀಲಿ 136 ಇತ್ತು. ಕಟ್ಟೆ ಬೂದು ಬಣ್ಣದ್ದು, ಮೂರೂ ಹತ್ತಿರಹತ್ತಿರ ಇರಬೇಕಿತ್ತು. ಕೆಂಪನ್ನು 142ಕ್ಕೆ ಇಳಿಸಲು ಸುಮಾರು 0.76ರಿಂದ ಗುಣಿಸಬೇಕು. ಕಟ್ಟೆಯೇನೋ ಸರಿಹೋಗುತ್ತದೆ. ಅದೇ ಏಟಿಗೆ ಬಿಳಿ ಅಂಚಿನ ಕೆಂಪು 238ರಿಂದ 182ಕ್ಕೆ ಬೀಳುತ್ತದೆ. ಅಲ್ಲಿ ಹಸಿರು 228 ಇರುವುದರಿಂದ ಬಿಳಿ ಪಂಚೆ, ಸುಣ್ಣದ ಗೋಡೆ ಎಲ್ಲ ಪಾಚಿ ಕಟ್ಟಿದಂತೆ ಹಸಿರಾಗುತ್ತವೆ. ಕೂದಲಲ್ಲಿ ಕೆಂಪು 92ರಿಂದ 70ಕ್ಕೆ ಇಳಿದರೂ ಹಸಿರು ಬರೀ 38, ಹಾಗಾಗಿ ಕೂದಲು ಕೆಂಪಾಗಿಯೇ ಉಳಿಯುತ್ತದೆ. ನಡು ಸರಿಮಾಡಲು ಹೋಗಿ ಎರಡೂ ತುದಿ ಕೆಟ್ಟ ಹಾಗೆ. ಬಿಳಿ ಬಟ್ಟೆ ಹಸಿರು, ಕೂದಲು ಕೆಂಪು ಇರುವ ಹಳೆಯ ಫೋಟೊ ಕಂಡರೆ ಯಾರೋ ಈ ಗುಂಡಿ ತಿರುಗಿಸಿದ್ದಾರೆ ಎಂದು ತಿಳಿಯಿರಿ.

ಸ್ಕ್ಯಾನರಿನದೇ ಒಂದು ಗುಂಡಿ

ಎಪ್ಸನ್ ಸ್ಕ್ಯಾನರುಗಳ ಜೊತೆ ಬರುವ ತಂತ್ರಾಂಶದಲ್ಲಿ `Color Restoration` ಇದೆ. ವ್ಯೂಸ್ಕ್ಯಾನ್ ಎಂಬ ಇನ್ನೊಂದು ಸ್ಕ್ಯಾನಿಂಗ್ ತಂತ್ರಾಂಶದಲ್ಲಿ `Filter` ಪಟ್ಟಿಯೊಳಗೆ `Restore colors`, `Restore fading` ಎಂದು ಎರಡಿವೆ. ಇವು ಮಾಡಿರುವುದೇ ಈ ರೋಗಕ್ಕಾಗಿ. ಟೆಂಪರೇಚರ್ ಗುಂಡಿಗಿಂತ ಎಷ್ಟೋ ವಾಸಿ. ಆಲ್ಬಮ್ಮಿನಲ್ಲಿ ಇನ್ನೂರು ಫೋಟೊ ಇದ್ದು, ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ ಯಾರು ಯಾರೆಂದು ಕೇಳುವುದಷ್ಟೇ ಕೆಲಸವಾಗಿದ್ದರೆ ನಾನೂ ಇದನ್ನೇ ಬಳಸುತ್ತೇನೆ.

ತೊಂದರೆ ಇರುವುದು ಮುಖಗಳಲ್ಲಿ. ಇಂಥ ಗುಂಡಿಗಳು ಬಣ್ಣದ ಜೊತೆಗೆ ಕಾಂಟ್ರಾಸ್ಟನ್ನೂ ಜೋರು ಮಾಡುವುದರಿಂದ ನಮ್ಮ ಮಂದಿಯ ಮೈಬಣ್ಣ ಸುಮ್ಮನೆ ತೆಳುವಾಗುತ್ತದೆ. ನಮ್ಮ ಕಾಕಾ ಎಣ್ಣೆಗಪ್ಪು. ಗುಂಡಿ ಒತ್ತಿದ ಫೋಟೊದಲ್ಲಿ ಗೋಧಿ ಬಣ್ಣಕ್ಕೆ ಬಂದಿದ್ದ. ಅವನು ಈಗಿಲ್ಲ. ಮೊಮ್ಮಕ್ಕಳು ಅವನನ್ನು ನೋಡುವುದು ಫೋಟೊದಲ್ಲಷ್ಟೇ. ಅವನ ಬಣ್ಣ ಅವನದಾಗಿಯೇ ಇರಬೇಕೆಂಬುದು ನನ್ನ ಹಟ.

ಇನ್ನೊಂದು ಮಾತು. ಈ ಗುಂಡಿ ಒತ್ತಿ ಸ್ಕ್ಯಾನ್ ಮಾಡಿದರೆ ತಿದ್ದಿದ ಫೈಲು ಮಾತ್ರ ಉಳಿಯುತ್ತದೆ, ತಿದ್ದದ ಬಣ್ಣ ಎಲ್ಲೂ ಇರುವುದಿಲ್ಲ. ನಾನು ಮೊದಲ ಮೂವತ್ತು ಫೋಟೊಗಳನ್ನು ಹಾಗೇ ಮಾಡಿ, ಆಮೇಲೆ ಮತ್ತೆ ಮೊದಲಿನಿಂದ ಸ್ಕ್ಯಾನ್ ಮಾಡಬೇಕಾಯಿತು. ಎರಡು ಸಲ ಸ್ಕ್ಯಾನ್ ಮಾಡುವಷ್ಟು ಪುರುಸೊತ್ತಿಲ್ಲದಿದ್ದರೆ ಯಾವ ತಿದ್ದುಪಡಿಯೂ ಇಲ್ಲದೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಜಿಂಪ್‌ನ ಆಟೊ ವೈಟ್ ಬ್ಯಾಲೆನ್ಸ್

ಜಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ `Colors > Auto > White Balance` ಒತ್ತಿದರೆ ಮೂರೂ ಚಾನೆಲ್ಲುಗಳನ್ನು ಬೇರೆ ಬೇರೆಯಾಗಿ ಎರಡೂ ತುದಿಗೆ ಎಳೆಯುತ್ತದೆ. ಪ್ರತಿ ಚಾನೆಲ್ಲಿನಲ್ಲಿ ಅತಿ ಕಪ್ಪಾದದ್ದು ಸೊನ್ನೆಗೆ, ಅತಿ ಬೆಳ್ಳಗಿನದು 255ಕ್ಕೆ. ತುದಿಗಳನ್ನು ಬೇರೆ ಬೇರೆ ತಿದ್ದುವುದರಿಂದ ಇದು ರೋಗದ ಹತ್ತಿರಕ್ಕೆ ಬಂದಿತು. ಎಷ್ಟೋ ಫೋಟೊಗಳು ಕ್ಷಣದಲ್ಲಿ ಜೀವ ಬಂದಂತೆ ಕಾಣುತ್ತವೆ.

ಕೈಕೊಡುವುದು ಮೂರು ಕಡೆ. ಮೊದಲನೆಯದು ಆಗ ಹೇಳಿದ ಮುಚ್ಚಳ. ಫೋಟೊದ ಹೊರಗೆ ಸ್ಕ್ಯಾನರ್ ಮುಚ್ಚಳದ ಅಪ್ಪಟ ಬಿಳಿ ಒಂದು ಗೆರೆಯಷ್ಟು ಉಳಿದರೂ ಅದನ್ನೇ ಬಿಳಿ ಎಂದು ಹಿಡಿದು, ಕಾಗದದ ಹಳದಿಯನ್ನು ಹಾಗೇ ಬಿಟ್ಟುಬಿಡುತ್ತದೆ. ಎರಡನೆಯದು, ಚಿತ್ರದಲ್ಲಿ ನಿಜವಾದ ಕಪ್ಪು ಇಲ್ಲದಿದ್ದರೆ ಇಲ್ಲದ ಕಪ್ಪನ್ನು ಹುಟ್ಟಿಸುತ್ತದೆ. ಅರಿಷಿಣ ಹಚ್ಚುವ ದಿನದ ಫೋಟೊಗಳಲ್ಲಿ ಇದನ್ನು ಕಂಡೆ. ಮೈತುಂಬ ಅರಿಷಿಣ, ಹಳದಿ ಬಳಿದ ಬಟ್ಟೆ, ಹತ್ತಿರದಿಂದ ತೆಗೆದ ಮುಖ. ತಂತ್ರಾಂಶಕ್ಕೆ ಅದು ಅರಿಷಿಣವೆಂದು ಹೇಗೆ ಗೊತ್ತಾಗಬೇಕು? ಹಳದಿಯನ್ನು ರೋಗವೆಂದೇ ತಿಳಿದು ಕಿತ್ತುಹಾಕಿತು, ಚಿಗವ್ವನ ಕೆನ್ನೆ ಬೂದಿ ಬಳಿದಂತಾಯಿತು.

ಮೂರನೆಯದು ಬಲು ನಯವಾದದ್ದು, ಅದಕ್ಕೇ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಎರಡು ತುದಿ ಸರಿಯಾದರೂ ನಡು ಸರಿಯಾಗಿರುವುದಿಲ್ಲ. ಕಾರಣ ಮುಂದಿನ ದಾರಿಯ ಲೆಕ್ಕದಲ್ಲಿದೆ.

ಕೈಯಿಂದ ಲೆವೆಲ್ಸ್: ನನ್ನ ಆಯ್ಕೆ

ಜಿಂಪ್‌ನಲ್ಲಿ `Colors > Levels`, ಫೋಟೊಶಾಪ್‌ನಲ್ಲೂ ಇದೇ ಹೆಸರು. ಮೇಲೆ `Channel` ಎಂದಿರುವಲ್ಲಿ ಕೆಂಪು, ಹಸಿರು, ನೀಲಿಯನ್ನು ಒಂದೊಂದಾಗಿ ಆರಿಸಬಹುದು. ಪ್ರತಿಯೊಂದಕ್ಕೂ ಮೂರು ತ್ರಿಕೋನ: ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ, ನಡುವೆ ಗಾಮಾ. ಗಾಮಾ ಎರಡು ತುದಿಗಳನ್ನು ಕದಲಿಸದೆ ನಡುವಿನ ಬೆಳಕನ್ನಷ್ಟೇ ಏರಿಸುತ್ತದೆ, ಇಳಿಸುತ್ತದೆ. ನಾನು ಹೇಳುವ ಕ್ರಮ ಇಷ್ಟೆ: ಬಿಳಿಯ ತ್ರಿಕೋನ ಹಳದಿ ತಳಕ್ಕೆ, ಗಾಮಾ ಹೋದ ಬಣ್ಣಕ್ಕೆ, ಕಪ್ಪಿನ ತ್ರಿಕೋನವನ್ನು ಒಂದೊಂದು ಚಾನೆಲ್ಲಿನಲ್ಲಿ ಮುಟ್ಟಬೇಡಿ.

ಮೊದಲು ಕಲರ್ ಪಿಕ್ಕರ್‌ನಲ್ಲಿ `Sample average` ಹಾಕಿಕೊಂಡು ಅಳೆಯಿರಿ. ಒಂದೇ ಚುಕ್ಕೆ ಅಳೆದರೆ ಧೂಳಿನ ಮೇಲೆ ಬೀಳಬಹುದು. ನಮ್ಮ ಫೋಟೊದ ಅಂಚು ಕೆಂಪು 238, ಹಸಿರು 228, ನೀಲಿ 199 ತೋರಿಸಿತು. ನೀಲಿ ಇಷ್ಟು ಕಡಿಮೆ ಎಂದರೆ ತಳ ಹಳದಿಯಾಗಿದೆ ಎಂದರ್ಥ. ಮೂರು ಚಾನೆಲ್ಲಿನ ಬಿಳಿ ತ್ರಿಕೋನಗಳನ್ನು ಆಯಾ ಸಂಖ್ಯೆಗೆ ತಂದೆ. ಚಿತ್ರದೊಳಗಿನ ಯಾವುದೂ ಖಾಲಿ ಕಾಗದಕ್ಕಿಂತ ಬೆಳ್ಳಗಿರಲು ಸಾಧ್ಯವಿಲ್ಲವಾದ್ದರಿಂದ, ಇದರಿಂದ ಪಂಚೆಯ ಮಡಿಕೆಗಳು ಅಳಿಸಿಹೋಗುವ ಭಯವಿಲ್ಲ. 48 ಬಿಟ್ ಫೈಲಿನಲ್ಲಿ ಈ ಸಂಖ್ಯೆಗಳು ನೂರರ ಲೆಕ್ಕದಲ್ಲಿ ಕಾಣಿಸಬಹುದು. ಆಗ 238 ಎಂದರೆ 93.3, 228 ಎಂದರೆ 89.4, 199 ಎಂದರೆ 78.

ಇಷ್ಟಾದ ಮೇಲೆ ಅಂಚು ಬಿಳಿಯಾಯಿತು. ಕಟ್ಟೆ ಈಗ ಕೆಂಪು 199, ಹಸಿರು 159, ನೀಲಿ 174. ಕೂದಲು ಕೆಂಪು 99, ಹಸಿರು 43, ನೀಲಿ 64. ಹಳದಿ ಹೊರಟುಹೋದದ್ದರಿಂದ ಕಿತ್ತಳೆ ಫೋಟೊ ಗುಲಾಬಿಯಾಗಿ ಕಾಣುತ್ತದೆ. ಇದನ್ನು ಕಂಡು ಕೆಟ್ಟಿತೆಂದು ಹಿಂದೆ ಸರಿಯಬೇಡಿ. ಒಂದು ರೋಗ ವಾಸಿಯಾಗಿ ಇನ್ನೊಂದು ಬಯಲಾಗಿದೆ, ಅಷ್ಟೆ.

ಈಗ ಕೆಂಪು. ಇಲ್ಲಿ ಎರಡು ಉಪಾಯ ಎದುರಿಗಿವೆ. ಕಪ್ಪಿನ ತ್ರಿಕೋನವನ್ನು ಬಲಕ್ಕೆ ಸರಿಸಿ ಕೂದಲಿನ ಕೆಂಪನ್ನು 43ಕ್ಕೆ ಇಳಿಸಬಹುದು, ಆಟೊ ಮಾಡುವುದೂ ಇದನ್ನೇ. ಹಾಗೆ ಮಾಡಿ ಕಟ್ಟೆಯನ್ನು ಅಳೆದಾಗ ಕೆಂಪು 179, ಹಸಿರು 159. ಕೂದಲು ಕಪ್ಪಾಯಿತು, ಅಂಚು ಬಿಳಿಯಾಯಿತು, ಕಟ್ಟೆ ಮಾತ್ರ ಇನ್ನೂ ಗುಲಾಬಿ. ಕಟ್ಟೆಯಷ್ಟೇ ಬೆಳಕಿನಲ್ಲಿರುವ ಮುಖಗಳೂ ಗುಲಾಬಿ. ಆಟೊದಿಂದ ತಿದ್ದಿದ ಎಷ್ಟೋ ಹಳೆಯ ಫೋಟೊಗಳಲ್ಲಿ ಎಲ್ಲರೂ ಜ್ವರ ಬಂದವರಂತೆ ಕೆಂಪೇರಿ ಕಾಣುವುದು ಇದಕ್ಕೇ.

ಇನ್ನೊಂದು ಉಪಾಯ ಗಾಮಾ. ಬಣ್ಣ ಮಾಸುವಾಗ ಪ್ರತಿ ಜಾಗದಲ್ಲೂ ಇದ್ದುದರ ಒಂದು ಪಾಲು ಹೋಗುತ್ತದೆ. ದಟ್ಟವಿದ್ದಲ್ಲಿ ಅರ್ಧ, ತೆಳುವಿದ್ದಲ್ಲೂ ಅರ್ಧ. ಬಣ್ಣದ ದಟ್ಟಣೆಯಲ್ಲಿ ಹೋದ ಪಾಲು ಪರದೆಯ ಸಂಖ್ಯೆಯಲ್ಲಿ ಘಾತವಾಗಿ ಕಾಣುತ್ತದೆ, ಗಾಮಾ ಮಾಡುವ ಲೆಕ್ಕವೂ ಘಾತದ್ದೇ. ಕೆಂಪಿನ ಗಾಮಾವನ್ನು 0.53ಕ್ಕೆ ಇಳಿಸಿದೆ. ಕೂದಲಿನ ಕೆಂಪು 43ಕ್ಕೆ ಬಂತು, ಕಟ್ಟೆಯ ಕೆಂಪು 160ಕ್ಕೆ ಬಂತು, ಅಂಚು ಕದಲಲಿಲ್ಲ. ಒಂದೇ ತ್ರಿಕೋನದಿಂದ ಮೂರೂ ಜಾಗ ಕೂಡಿಬಂದಾಗ ಹಿಡಿದ ದಾರಿ ಸರಿಯೆಂದು ನನಗೆ ನಂಬಿಕೆ ಬಂತು. ನೀಲಿಗೆ 0.79 ಸಾಕಾಯಿತು. ಕೊನೆಗೆ ಕಟ್ಟೆ 160, 159, 157. ಕೂದಲು 43, 43, 44.

ಕೂದಲು ಇನ್ನೂ ಪೂರ್ತಿ ಕಪ್ಪಲ್ಲ, ಯಾಕೆಂದರೆ ಮೆಜೆಂಟಾ ಕೂಡ ಸ್ವಲ್ಪ ಹೋಗಿದೆ. ಅದಕ್ಕೆ `Value` ಆರಿಸಿ, ಮೂರಕ್ಕೂ ಒಟ್ಟಿಗೆ ಕಪ್ಪಿನ ತ್ರಿಕೋನವನ್ನು 25ರ ಸುಮಾರಿಗೆ ತಂದೆ. ಬಣ್ಣದ ಕೆಲಸ ಮುಗಿದ ಮೇಲೆ ಮಾತ್ರ ಇದನ್ನು ಮಾಡಿ.

ಚಿಗವ್ವನ ಸೀರೆಯನ್ನು ನಾನು ಅಳತೆಗೆ ಹಿಡಿದಿರಲಿಲ್ಲ. ತಿದ್ದುವ ಮೊದಲು ಅದು ಕೆಂಪು 150, ಹಸಿರು 128, ನೀಲಿ 70, ಅಂದರೆ ಹುರಿದ ಸಾಸಿವೆಯಂಥ ಕಂದು. ಗಾಮಾ ಕೂತ ಮೇಲೆ 107, 143, 68. ಹಸಿರು! ಅವಳನ್ನು ಕರೆದು ತೋರಿಸಿದೆ.

"ಹೌದಪಾ, ಗಿಳಿಹಸ್ರು ಅದು. ನಮ್ಮಪ್ಪ ಗದ್ವಾಲಕ್ಕ ಹೋಗಿ ತಂದಿದ್ದ. ಇನ್ನಾ ಸ್ವಲ್ಪ ಜೋರಿತ್ತು ನೋಡು."

ಅವಳ ಮಾತು ನಿಜ. ಈ ದಾರಿಯಲ್ಲಿ ಬಣ್ಣದ ಜಾತಿ ಮರಳಿ ಬರುತ್ತದೆ, ಜೋರು ಪೂರ್ತಿ ಬರುವುದಿಲ್ಲ. `Colors > Saturation` 1.15ರವರೆಗೆ ಏರಿಸಿ ಅವಳಿಗೆ ಮತ್ತೆ ತೋರಿಸಿ ನಿಲ್ಲಿಸಿದೆ. ಅದಕ್ಕೂ ಮೇಲೆ ಹೋದರೆ ಕುಂಕುಮ ಉರಿಯತೊಡಗುತ್ತದೆ. ಮುಖದ ಮೇಲೆ ಅಳೆದು ನೋಡಿ, ನಮ್ಮ ಮೈಬಣ್ಣದಲ್ಲಿ ಕೆಂಪು ಹೆಚ್ಚು, ಹಸಿರು ನಡುವೆ, ನೀಲಿ ಕಡಿಮೆ ಇರಬೇಕು. ಹಸಿರು ಕೆಂಪನ್ನು ಮುಟ್ಟಿದ್ದರೆ ಗಾಮಾ ಅತಿಯಾಗಿದೆ.

ಇಷ್ಟು ಅಳೆಯುವ ತಾಳ್ಮೆ ಇಲ್ಲದವರಿಗೆ ಒಂದು ಅಡ್ಡದಾರಿ ಇದೆ. ಲೆವೆಲ್ಸ್ ಕಿಟಕಿಯಲ್ಲಿ `All Channels` ಹತ್ತಿರ ಮೂರು ಪಿಕ್ಕರ್ ಇವೆ. ಬಿಳಿಯದನ್ನು ಅಂಚಿನ ಮೇಲೆ ಒತ್ತಿ, ಆಮೇಲೆ ನಡುವಿನ ಬೂದಿಯದನ್ನು ಕಟ್ಟೆಯ ಮೇಲೆ ಒತ್ತಿ. ಬೂದಿಯ ಪಿಕ್ಕರ್ ಮೂರು ಚಾನೆಲ್ಲಿನ ಗಾಮಾಗಳನ್ನು ತಾನೇ ಹೊಂದಿಸುತ್ತದೆ. ಕಪ್ಪಿನ ಪಿಕ್ಕರನ್ನು ಮುಟ್ಟಬೇಡಿ. ಅರ್ಧ ನಿಮಿಷದ ಕೆಲಸ. ಹತ್ತರಲ್ಲಿ ಏಳೆಂಟು ಫೋಟೊಗಳಿಗೆ ನಾನು ಮಾಡಿದ್ದು ಇಷ್ಟೇ.

ಬೂದು ಯಾವುದು, ಬಿಳಿ ಯಾವುದು

ಈ ದಾರಿ ಪೂರ್ತಿ ನಿಂತಿರುವುದು ನೀವು ಬೂದು ಎಂದು ತೋರಿಸುವ ಜಾಗದ ಮೇಲೆ. ನಮ್ಮ ಮನೆಗಳ ಫೋಟೊಗಳಲ್ಲಿ ಮದುವೆ ಬಿಟ್ಟರೆ ಹೆಚ್ಚಿನವು ಹಂಪಿಯಲ್ಲಿ, ಆನೆಗೊಂದಿಯಲ್ಲಿ, ಟಿಬಿ ಡ್ಯಾಮಿನ ಮೇಲೆ ತೆಗೆದವು. ಹಂಪಿಯ ಬಂಡೆ ಬೂದಲ್ಲವೇ ಎಂದು ಕಲ್ಲಿನ ರಥದ ಗಾಲಿಯ ಮೇಲೆ ಪಿಕ್ಕರ್ ಒತ್ತಿದೆ. ಚಿತ್ರವೆಲ್ಲ ನೀಲಿಗಟ್ಟಿತು. ನಮ್ಮ ಕಡೆಯ ಗ್ರಾನೈಟು ಬಿಸಿಲಲ್ಲಿ ಬೂದಲ್ಲ, ನಸುಗೆಂಪು ಬೆರೆತ ಕಂದು. ಅದನ್ನು ಬೂದು ಮಾಡಹೊರಟರೆ ಆಕಾಶವೂ ಮುಖಗಳೂ ತಣ್ಣಗಾಗುತ್ತವೆ.

ಬಿಳಿ ಬಟ್ಟೆಯನ್ನೂ ನಂಬಿ ಕೂಡಬೇಡಿ. ನೀಲಿ ಹಾಕಿ ಒಗೆದ ಪಂಚೆ, ಟೊಪ್ಪಿಗೆಗೆ ನಸುನೀಲಿ ಛಾಯೆ ಇರುತ್ತದೆ. ಅದೇ ಬಟ್ಟೆ ಎರಡು ಸಲ ಎರೆ ನೆಲದ ಹೊಳೆಯಲ್ಲಿ ಒಗೆದದ್ದಾದರೆ ಕೆನೆಬಣ್ಣ. ಸುಣ್ಣಕ್ಕೂ ನೀಲಿ ಬೆರೆಸಿ ಬಳಿಯುವ ರೂಢಿ ಇದೆ. ಸಂಡೂರಿನ ಗಣಿಯ ಕಡೆಯ ಫೋಟೊವಾದರೆ ಸಿಮೆಂಟಿನ ಮೇಲೂ ಕೆಂಪು ಧೂಳು ಕೂತಿರುತ್ತದೆ. ನನಗೆ ಒದಗಿದ್ದು ಸಿಮೆಂಟ್ ಕಟ್ಟೆ, ಡಾಂಬರು ರಸ್ತೆ, ಸ್ಟೀಲ್ ಕೊಡ, ಕೊಡೆಯ ಬಟ್ಟೆ, ಅಜ್ಜನ ನರೆಗೂದಲು. ಇಂಥ ಎರಡು ಜಾಗ ಹುಡುಕಿ, ಒಂದರ ಮೇಲೆ ಒತ್ತಿ, ಇನ್ನೊಂದರ ಮೇಲೆ ಅಳೆದು ತಾಳೆ ನೋಡಿ. ಮೂರು ಸಂಖ್ಯೆಗಳ ನಡುವೆ ಎಂಟ್ಹತ್ತರ ಅಂತರವಿದ್ದರೆ ಪರವಾಗಿಲ್ಲ.

ಆಲ್ಬಮ್ ಪೂರ್ತಿ ಒಂದೇ ಅಳತೆಯಲ್ಲಿ

ಒಂದೇ ರೋಲಿನಿಂದ ಒಂದೇ ದಿನ ಪ್ರಿಂಟಾಗಿ, ಒಂದೇ ಟ್ರಂಕಿನಲ್ಲಿದ್ದ ಫೋಟೊಗಳು ಸುಮಾರಾಗಿ ಒಂದೇ ಪ್ರಮಾಣದಲ್ಲಿ ಮಾಸಿರುತ್ತವೆ. ಒಂದಕ್ಕೆ ಕಂಡುಕೊಂಡ ಅಳತೆಯನ್ನು ಇಮೇಜ್‌ಮ್ಯಾಜಿಕ್ ಎಂಬ, ಕಮಾಂಡ್ ಬರೆದು ನಡೆಸುವ ತಂತ್ರಾಂಶದಿಂದ ಎಲ್ಲಕ್ಕೂ ಹಾಕಬಹುದು. ಸ್ಕ್ಯಾನಿನಲ್ಲಿ ಆಟೊ ಬಂದ್ ಮಾಡಿದ್ದರೆ ಮಾತ್ರ ಇದು ನಡೆಯುತ್ತದೆ.

```
mkdir tiddida
magick mogrify -path tiddida -channel R -level 0%,93.3%,0.53 -channel G -level 0%,89.4%,1 -channel B -level 0%,78%,0.79 +channel *.tif
```

ತಿದ್ದಿದವು `tiddida` ಎಂಬ ಫೋಲ್ಡರಿಗೆ ಹೋಗುತ್ತವೆ, ಮೂಲ ಫೈಲುಗಳು ಇದ್ದಲ್ಲೇ ಇರುತ್ತವೆ. ಸಂಖ್ಯೆಗಳು ನಮ್ಮ ಫೋಟೊದವು, ನಿಮ್ಮವನ್ನು ಹಾಕಿಕೊಳ್ಳಿ. ಮದುವೆಯ 64 ಫೋಟೊಗಳಲ್ಲಿ ಐವತ್ತರಷ್ಟು ಇದರಲ್ಲೇ ಸರಿಹೋದವು. ಉಳಿದವು ಅಂಟಿನ ಹಾಳೆಯ ಇನ್ನೊಂದು ಆಲ್ಬಮ್ಮಿಗೆ ಹೋಗಿದ್ದವು. ಅವುಗಳ ಅಂಚು ಹೆಚ್ಚು ಹಳದಿ, ಕೆಲವಕ್ಕೆ ಅಂಟಿನ ಗೆರೆಗೆ ಸರಿಯಾಗಿ ಪಟ್ಟೆಪಟ್ಟೆ. ಪಟ್ಟೆ ಬಿದ್ದದ್ದನ್ನು ಒಂದೇ ಅಳತೆಯಿಂದ ತಿದ್ದಲಾಗದು. ಜಿಂಪ್‌ನಲ್ಲಿ ಆ ಭಾಗವನ್ನಷ್ಟೇ ಆರಿಸಿಕೊಂಡು, ಆಯ್ಕೆಯ ಅಂಚನ್ನು ಮೆತ್ತಗೆ ಮಾಡಿ ಬೇರೆಯಾಗಿಯೇ ತಿದ್ದಬೇಕು.

ಬಣ್ಣ ಬಿಟ್ಟುಕೊಡಬೇಕಾದಾಗ

ಲೆವೆಲ್ಸ್ ತೆಗೆಯುವ ಮೊದಲು ಚಾನೆಲ್ಲುಗಳ ಪಟ್ಟಿಯಲ್ಲಿ ಕೆಂಪು ಚಾನೆಲ್ಲಿನ ಪುಟ್ಟ ಚಿತ್ರವನ್ನು ನೋಡಿ. ಅಲ್ಲಿ ಮಂಕಾಗಿಯಾದರೂ ಕಣ್ಣು, ಮೂಗು, ಸೀರೆಯ ನೆರಿಗೆ ಕಾಣುತ್ತಿದ್ದರೆ ಬಣ್ಣ ಮರಳುತ್ತದೆ. ಮಂಜು ಕವಿದ ಖಾಲಿ ಹಾಳೆಯಂತಿದ್ದರೆ ಸಯಾನ್ ಪೂರ್ತಿ ಹೋಗಿದೆ. ಗಾಮಾವನ್ನು 0.3ಕ್ಕೂ ಕೆಳಗೆ ಎಳೆಯಬೇಕಾಗಿ ಬಂದು, ನೆರಳುಗಳಲ್ಲಿ ರಾಗಿ ಚೆಲ್ಲಿದಂತೆ ಕೆಂಪು ಹಸಿರು ಚುಕ್ಕೆಗಳು ಎದ್ದರೂ ಅದೇ ಅರ್ಥ. ಇಲ್ಲದ ಬಣ್ಣವನ್ನು ಯಾವ ತ್ರಿಕೋನವೂ ತರಲಾರದು. ಅಲ್ಲಿಂದ ಮುಂದೆ ಹಾಕುವ ಬಣ್ಣ ನಮ್ಮ ಊಹೆಯಾಗುತ್ತದೆ.

ನಮ್ಮ ಅಜ್ಜಿಯದು ಇರುವುದು ಒಂದೇ ಕಲರ್ ಫೋಟೊ. ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿರುವುದು. ಅದರ ಕೆಂಪು ಚಾನೆಲ್ ಬರಿದಾಗಿತ್ತು. ಮೂರು ಸಂಜೆ ಹೆಣಗಿದೆ, ಪ್ರತಿ ಸಲವೂ ಸೀರೆಯ ಬಣ್ಣ ಬೇರೆ ಬೇರೆ ಬಂತು. ಕೊನೆಗೆ `Colors > Components > Mono Mixer` ತೆಗೆದು ಕೆಂಪು 0, ಹಸಿರು 1, ನೀಲಿ 0 ಇಟ್ಟೆ. ಅಂಥ ಕಾಗದದಲ್ಲಿ ಗಟ್ಟಿಯಾಗಿ ಉಳಿಯುವುದು ಮೆಜೆಂಟಾ, ಅದರ ವಿವರ ಇರುವುದು ಹಸಿರು ಚಾನೆಲ್ಲಿನಲ್ಲಿ. ಸುಮ್ಮನೆ ಕಪ್ಪುಬಿಳುಪು ಮಾಡಿದ್ದರೆ ಸತ್ತ ಕೆಂಪು ಚಾನೆಲ್ಲೂ ಬೆರೆತು ಚಿತ್ರ ಮಂಕಾಗುತ್ತಿತ್ತು. ಹಸಿರೊಂದನ್ನೇ ತೆಗೆದುಕೊಂಡಾಗ ಅಜ್ಜಿಯ ಹಣೆಯ ಗೆರೆಗಳು, ಮೂಗುತಿಯ ಹರಳು, ಮೊರದ ಹೆಣಿಗೆ ಸ್ಪಷ್ಟವಾಗಿ ಎದ್ದುಬಂದವು. ಮನೆಯ ನಡುಮನೆಯಲ್ಲಿ ಈಗ ತೂಗುತ್ತಿರುವುದು ಆ ಕಪ್ಪುಬಿಳುಪಿನ ಪ್ರಿಂಟು. ಮೂಲ ಫೋಟೊ ಅಟ್ಟದಿಂದ ಇಳಿದು ಕೆಳಗಿನ ಕೋಣೆಯ ಕಪಾಟಿಗೆ ಬಂದಿದೆ, ಅಲ್ಲಿ ತಗಡಿನ ಸೆಕೆ ತಾಕುವುದಿಲ್ಲ.